ಕೈಗೆ ಬರುವ ಸಂಬಳದಿಂದ ಒಟ್ಟು ಸಂಬಳಕ್ಕೆ: ಹಿಮ್ಮುಖ ಲೆಕ್ಕದ ಕ್ರಮ

ಹುಬ್ಬಳ್ಳಿಯಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ, ನಲವತ್ತು ಜನ ಕೆಲಸಗಾರರಿರುವ ಒಂದು ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮಾಲೀಕರು ಉತ್ಪಾದನಾ ವ್ಯವಸ್ಥಾಪಕರ ಹುದ್ದೆಗೆ, ಪುಣೆಯಲ್ಲಿ ಕೆಲಸ ಮಾಡುತ್ತಿರುವ ಹುಬ್ಬಳ್ಳಿ ಮೂಲದವರೊಬ್ಬರನ್ನು ಸಂದರ್ಶಿಸುತ್ತಾರೆ. ಕೆಲಸದ ಮಾತು ಮುಗಿದ ಮೇಲೆ ಸಂಬಳದ ಮಾತು ಬರುತ್ತದೆ. "ಕೈಗೆ ಎಷ್ಟು ಬರಬೇಕಂತೀರಿ, ಹೇಳ್ರಿ" ಎಂದು ಮಾಲೀಕರು ಕೇಳುತ್ತಾರೆ. "ಎಲ್ಲಾ ಕಡಿತ ಹೋಗಿ ತಿಂಗಳಿಗೆ ಒಂದು ಲಕ್ಷ ಹತ್ತು ಸಾವಿರ ಬಂದ್ರ ಸಾಕ್ರಿ ಸರ್" ಎಂಬ ಉತ್ತರ ಬರುತ್ತದೆ. ಮೊತ್ತ ಇಬ್ಬರಿಗೂ ಒಪ್ಪಿಗೆಯಾಗುತ್ತದೆ.

ನೇಮಕಾತಿ ಪತ್ರದಲ್ಲಿ ಬರೆಯಬೇಕಾದದ್ದು ಮಾತ್ರ ಕೈಗೆ ಬರುವ ಮೊತ್ತವಲ್ಲ, ಒಟ್ಟು ಸಂಬಳ. ಕಛೇರಿಯ ಗುಮಾಸ್ತರು 1,10,000 ರೂಪಾಯಿ ಸಂಬಳಕ್ಕೆ ಎಷ್ಟು ಕಡಿತವಾಗುತ್ತದೆಂದು ಲೆಕ್ಕ ಹಾಕುತ್ತಾರೆ. ಭವಿಷ್ಯ ನಿಧಿಗೆ 1,800, ವೃತ್ತಿ ತೆರಿಗೆ 200, ಆದಾಯ ತೆರಿಗೆ 3,900. ಇವನ್ನು 1,10,000ಕ್ಕೆ ಕೂಡಿಸಿ 1,15,900 ರೂಪಾಯಿ ಒಟ್ಟು ಸಂಬಳವೆಂದು ಪತ್ರ ಸಿದ್ಧಪಡಿಸುತ್ತಾರೆ. ಮೊದಲ ತಿಂಗಳ ಸಂಬಳ ಚೀಟಿ ಬಂದಾಗ ಕೈಗೆ ಬಂದದ್ದು 1,07,195 ರೂಪಾಯಿ ಮಾತ್ರ. ತಿಂಗಳಿಗೆ 2,805 ರೂಪಾಯಿ ಕಡಿಮೆ. ವರ್ಷಕ್ಕೆ ಸುಮಾರು 33,700 ರೂಪಾಯಿ. ವ್ಯವಸ್ಥಾಪಕರು ಮಾತು ತಪ್ಪಿದರೆಂದು ಭಾವಿಸುತ್ತಾರೆ. ಮಾಲೀಕರು ಕಡಿತವನ್ನೆಲ್ಲ ಸೇರಿಸಿಯೇ ಕೊಟ್ಟಿದ್ದೇವೆಂದು ವಾದಿಸುತ್ತಾರೆ. ಇಬ್ಬರಲ್ಲೂ ಸುಳ್ಳಿಲ್ಲ, ಲೆಕ್ಕದ ದಿಕ್ಕು ಮಾತ್ರ ತಪ್ಪಿದೆ.

ಈ ಲೇಖನದಲ್ಲಿ ಆ ಲೆಕ್ಕವನ್ನು ಸರಿಯಾದ ದಿಕ್ಕಿನಲ್ಲಿ ಮಾಡುವ ಕ್ರಮವನ್ನು ವಿವರಿಸಲಾಗಿದೆ. ಇಲ್ಲಿನ ಎಲ್ಲ ದರಗಳೂ 2025-26ರ ಆರ್ಥಿಕ ವರ್ಷದವು. ದರಗಳು ಬದಲಾದ ವರ್ಷದಲ್ಲಿ ಅಂಕಿಗಳನ್ನು ಬದಲಿಸಿಕೊಳ್ಳಬೇಕು, ಕ್ರಮ ಬದಲಾಗುವುದಿಲ್ಲ.

ಮೂರು ಬೇರೆ ಬೇರೆ ಮೊತ್ತಗಳು

ಸಂಬಳದ ಮಾತುಕತೆಯಲ್ಲಿ ಮೂರು ಮೊತ್ತಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಮೊದಲನೆಯದು ಕೈಗೆ ಬರುವ ಸಂಬಳ, ಅಂದರೆ ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಜಮೆಯಾಗುವ ಹಣ. ಎರಡನೆಯದು ಒಟ್ಟು ಸಂಬಳ. ನೌಕರನ ಪಾಲಿನ ಕಡಿತಗಳನ್ನು ಕಳೆಯುವ ಮೊದಲಿನ ಮೊತ್ತ. ಮೂರನೆಯದು ಸಂಸ್ಥೆಗೆ ತಗಲುವ ವೆಚ್ಚ. ಇಂದಿನ ಮಾತಿನಲ್ಲಿ ಸಿಟಿಸಿ. ಒಟ್ಟು ಸಂಬಳಕ್ಕೆ ಮಾಲೀಕರ ಪಾಲಿನ ಭವಿಷ್ಯ ನಿಧಿ ವಂತಿಗೆ, ಗ್ರಾಚ್ಯುಟಿಗಾಗಿ ತೆಗೆದಿಡುವ ಹಣ ಮುಂತಾದವು ಸೇರಿದರೆ ಇದು ದೊರೆಯುತ್ತದೆ.

ದೊಡ್ಡ ಕಂಪನಿಗಳಿಂದ ಬರುವ ಅಭ್ಯರ್ಥಿಗಳು ಹೇಳುವ "ಪ್ಯಾಕೇಜು" ಸಾಮಾನ್ಯವಾಗಿ ಮೂರನೆಯ ಮೊತ್ತ. ಸಣ್ಣ ಉದ್ದಿಮೆದಾರರು ಮನಸ್ಸಿನಲ್ಲಿಟ್ಟುಕೊಳ್ಳುವುದು ಬಹುಮಟ್ಟಿಗೆ ಎರಡನೆಯದು. ಅಭ್ಯರ್ಥಿಯ ಮನೆಯವರು ಕೇಳುವುದು ಮೊದಲನೆಯದು. ಆದ್ದರಿಂದ ಮಾತು ಆರಂಭಿಸುವಾಗಲೇ ಯಾವ ಮೊತ್ತದ ಮಾತು ನಡೆಯುತ್ತಿದೆಯೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಕೂಡಿಸುವುದಲ್ಲ, ಭಾಗಿಸುವುದು

ಕಡಿತಗಳಲ್ಲಿ ಎರಡು ಜಾತಿ. ಕೆಲವು ನಿಗದಿತ ಮೊತ್ತದವು. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300 ರೂಪಾಯಿಯಾಗಿ, ವರ್ಷಕ್ಕೆ ಒಟ್ಟು 2,500 ರೂಪಾಯಿಯಾಗುತ್ತದೆ. ಸಂಬಳ ಹೆಚ್ಚಿದರೂ ಈ ಮೊತ್ತ ಬದಲಾಗುವುದಿಲ್ಲ. ಇಂಥ ಕಡಿತವನ್ನು ಕೈಗೆ ಬರುವ ಸಂಬಳಕ್ಕೆ ನೇರವಾಗಿ ಕೂಡಿಸಬಹುದು.

ಇನ್ನು ಕೆಲವು ಒಟ್ಟು ಸಂಬಳದ ಶೇಕಡಾವಾರು ಲೆಕ್ಕದವು. ಇವುಗಳನ್ನು ಕೂಡಿಸಲು ಬರುವುದಿಲ್ಲ. ಏಕೆಂದರೆ ಕೂಡಿಸಿದ ಹಣದ ಮೇಲೂ ಮತ್ತೆ ಅದೇ ಶೇಕಡಾ ಕಡಿತ ಬೀಳುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ಕಡಿತವಾಗುತ್ತದೆ" ಎಂಬುದಲ್ಲ. "ನೂರು ರೂಪಾಯಿಯಲ್ಲಿ ಎಷ್ಟು ಉಳಿಯುತ್ತದೆ" ಎಂಬುದು. ಉಳಿಯುವ ಭಾಗದಿಂದ ಭಾಗಿಸಿದರೆ ಒಟ್ಟು ಮೊತ್ತ ದೊರೆಯುತ್ತದೆ.

ಉಗ್ರಾಣ ನೋಡಿಕೊಳ್ಳುವ ನೌಕರರೊಬ್ಬರಿಗೆ ಕೈಗೆ 17,500 ರೂಪಾಯಿ ಬರಬೇಕೆಂದು ಭಾವಿಸೋಣ. ಅವರ ಸಂಬಳವೆಲ್ಲ ಮೂಲ ವೇತನ ಮತ್ತು ತುಟ್ಟಿಭತ್ಯೆಯೇ ಆಗಿರಲಿ. ಭವಿಷ್ಯ ನಿಧಿಗೆ ನೌಕರನ ವಂತಿಗೆ ಶೇ. 12; ಆದರೆ ಕಾನೂನು ಕಡ್ಡಾಯ ಮಾಡಿರುವುದು 15,000 ರೂಪಾಯಿ ವೇತನದ ವರೆಗೆ ಮಾತ್ರ. ಆದ್ದರಿಂದ ಇಲ್ಲಿ ವಂತಿಗೆ 1,800 ರೂಪಾಯಿಗೆ ನಿಲ್ಲುತ್ತದೆ. ಇದು ನಿಗದಿತ ಕಡಿತದಂತೆಯೇ ಆಯಿತು. ಸಂಬಳ 21,000 ರೂಪಾಯಿಯ ಒಳಗಿರುವುದರಿಂದ ಇಎಸ್‌ಐ ಅನ್ವಯಿಸುತ್ತದೆ. ಅದರಲ್ಲಿ ನೌಕರನ ಪಾಲು ಒಟ್ಟು ಸಂಬಳದ ಶೇ. 0.75. ವೃತ್ತಿ ತೆರಿಗೆಯೂ ಇಲ್ಲ, ಆದಾಯ ತೆರಿಗೆಯೂ ಇಲ್ಲ.

ಮೊದಲು ನಿಗದಿತ ಕಡಿತವನ್ನು ಕೂಡಿಸಬೇಕು: 17,500 + 1,800 = 19,300. ಒಟ್ಟು ಸಂಬಳದ ನೂರು ರೂಪಾಯಿಯಲ್ಲಿ ಇಎಸ್‌ಐ ಹೋಗಿ ಉಳಿಯುವುದು 99.25 ರೂಪಾಯಿ. ಆದ್ದರಿಂದ 19,300 ÷ 0.9925 = 19,446 ರೂಪಾಯಿ. ತಾಳೆ ನೋಡಿದರೆ, 19,446ರಲ್ಲಿ ಭವಿಷ್ಯ ನಿಧಿ 1,800 ಮತ್ತು ಇಎಸ್‌ಐ 146 ಕಳೆದರೆ ಸರಿಯಾಗಿ 17,500 ಉಳಿಯುತ್ತದೆ. ಹೀಗೆ ಬಂದ ಒಟ್ಟು ಸಂಬಳವು ಆ ಕೆಲಸಕ್ಕೆ ಸರ್ಕಾರ ಪ್ರಕಟಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆಯಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಆದಾಯ ತೆರಿಗೆಯ ಮೆಟ್ಟಿಲುಗಳು

ಉಗ್ರಾಣದ ನೌಕರರ ಲೆಕ್ಕ ಸುಲಭ. ವ್ಯವಸ್ಥಾಪಕರ ಲೆಕ್ಕ ಕಠಿಣವಾಗುವುದು ಆದಾಯ ತೆರಿಗೆಯಿಂದ. ಇಲ್ಲಿ ಶೇಕಡಾವಾರು ಒಂದೇ ಅಲ್ಲ. ಆದಾಯ ಏರಿದಂತೆ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿಗಳ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದನ್ನು ಕಳೆದ ಮೇಲಿನ ಆದಾಯದಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5, ಅದರ ಮುಂದಿನ 4 ಲಕ್ಷಕ್ಕೆ ಶೇ. 10, 12ರಿಂದ 16 ಲಕ್ಷದ ವರೆಗೆ ಶೇ. 15, 16ರಿಂದ 20 ಲಕ್ಷದ ವರೆಗೆ ಶೇ. 20. ಹೀಗೆ ಬಂದ ತೆರಿಗೆಯ ಮೇಲೆ ಶೇ. 4 ಸೆಸ್. ಆದರೆ ಆದಾಯ 12 ಲಕ್ಷ ಮೀರದಿದ್ದರೆ 60,000 ರೂಪಾಯಿಯ ವರೆಗೆ ರಿಬೇಟ್ ದೊರೆತು ತೆರಿಗೆ ಪೂರ್ತಿ ಮನ್ನಾ ಆಗುತ್ತದೆ. ಅಂದರೆ ಸಂಬಳವೊಂದೇ ಆದಾಯವಾಗಿರುವವರಿಗೆ ವರ್ಷಕ್ಕೆ 12,75,000 ರೂಪಾಯಿ, ಅಂದರೆ ತಿಂಗಳಿಗೆ 1,06,250 ರೂಪಾಯಿ ಒಟ್ಟು ಸಂಬಳದ ವರೆಗೆ ಆದಾಯ ತೆರಿಗೆ ಸೊನ್ನೆ.

ಈ ಗೆರೆ ದಾಟಿದೊಡನೆ 60,000 ರೂಪಾಯಿ ತೆರಿಗೆ ಒಮ್ಮೆಲೇ ಬಿದ್ದರೆ ಅನ್ಯಾಯವಾಗುತ್ತದೆ. ಅದಕ್ಕಾಗಿ ಅಂಚಿನ ಪರಿಹಾರವೊಂದನ್ನು ಕಾನೂನು ಒದಗಿಸಿದೆ. 12 ಲಕ್ಷವನ್ನು ಆದಾಯ ಎಷ್ಟು ಮೀರಿದೆಯೋ ತೆರಿಗೆ ಅದಕ್ಕಿಂತ ಹೆಚ್ಚಾಗುವಂತಿಲ್ಲ. ಇದು ನೆರವೇನೋ ಹೌದು. ಆದರೆ ಇದರ ಇನ್ನೊಂದು ಮುಖವನ್ನು ಉದ್ದಿಮೆದಾರರು ಅರಿತಿರಬೇಕು. ಆ ಅಂತರದಲ್ಲಿ ಹೆಚ್ಚಿಸಿದ ಪ್ರತಿ ರೂಪಾಯಿಯೂ ತೆರಿಗೆಗೆ ಹೋಗುತ್ತದೆ. ಅದರ ಮೇಲೆ ನಾಲ್ಕು ಪೈಸೆ ಸೆಸ್ ಬೇರೆ. ಸಂಬಳ ಏರಿಸಿದಷ್ಟೂ ಕೈಗೆ ಬರುವುದು ಏರುವ ಬದಲು ತುಸು ಇಳಿಯುತ್ತದೆ. ವಾರ್ಷಿಕ ಒಟ್ಟು ಸಂಬಳ 12,75,000ದಿಂದ ಸುಮಾರು 13,45,600 ರೂಪಾಯಿಯ ವರೆಗೂ ಇದೇ ಸ್ಥಿತಿ. ಅಲ್ಲಿಂದ ಮುಂದೆ ಶೇ. 15ರ ಸಾಮಾನ್ಯ ದರ ನಡೆಯುತ್ತದೆ. ಸೆಸ್ ಸೇರಿ ಪ್ರತಿ ರೂಪಾಯಿಗೆ 15.6 ಪೈಸೆ ಹೋಗಿ 84.4 ಪೈಸೆ ಉಳಿಯುತ್ತದೆ. ಇಳಿದದ್ದನ್ನು ತುಂಬಿಕೊಂಡು ತೆರಿಗೆ ಕಳೆದ ಮೊತ್ತ ಮತ್ತೆ 12,75,000 ತಲುಪಬೇಕಾದರೆ ಒಟ್ಟು ಸಂಬಳ 13,48,934 ರೂಪಾಯಿ ಆಗಿರಬೇಕು.

ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಹಿಮ್ಮುಖ ಲೆಕ್ಕ ಸರಳವಾಗುತ್ತದೆ. ಕೈಗೆ ಬರಬೇಕಾದ ವಾರ್ಷಿಕ ಮೊತ್ತಕ್ಕೆ ವೃತ್ತಿ ತೆರಿಗೆ ಮತ್ತು ಭವಿಷ್ಯ ನಿಧಿ ವಂತಿಗೆ ಕೂಡಿಸಿದಾಗ ಬರುವ ಮೊತ್ತವನ್ನು "ತೆರಿಗೆ ಕಳೆದ ಸಂಬಳ" ಎಂದು ಕರೆಯೋಣ. ಅದು 12,75,000ದ ಒಳಗಿದ್ದರೆ ಅದೇ ಒಟ್ಟು ಸಂಬಳ. 12,75,000ಕ್ಕಿಂತ ಹೆಚ್ಚಿದ್ದು 15,50,200ರ ಒಳಗಿದ್ದರೆ, ಹೆಚ್ಚಿನ ಭಾಗವನ್ನು 0.844ರಿಂದ ಭಾಗಿಸಿ 13,48,934ಕ್ಕೆ ಕೂಡಿಸಬೇಕು. 15,50,200 ದಾಟಿದರೆ ಮುಂದಿನ ಮೆಟ್ಟಿಲು ಬರುತ್ತದೆ. ಅಲ್ಲಿ ರೂಪಾಯಿಗೆ ಉಳಿಯುವುದು 79.2 ಪೈಸೆ, ಒಟ್ಟು ಸಂಬಳದ ಆರಂಭದ ಅಂಕಿ 16,75,000.

ವ್ಯವಸ್ಥಾಪಕರ ಸಂಬಳದ ಲೆಕ್ಕ

ಈಗ ಹುಬ್ಬಳ್ಳಿಯ ಉದಾಹರಣೆಗೆ ಮರಳಬಹುದು. ಭವಿಷ್ಯ ನಿಧಿಯನ್ನು 15,000 ರೂಪಾಯಿ ವೇತನದ ಮಿತಿಗೆ ನಿಲ್ಲಿಸಲು ಉಭಯತರೂ ಒಪ್ಪಿದ್ದಾರೆಂದು ಇಟ್ಟುಕೊಳ್ಳೋಣ. ಆದಾಯ ತೆರಿಗೆ ವರ್ಷದ ಲೆಕ್ಕವಾದ್ದರಿಂದ ಎಲ್ಲವನ್ನೂ ವರ್ಷಕ್ಕೆ ಪರಿವರ್ತಿಸಿಕೊಳ್ಳಬೇಕು.

ಕೈಗೆ ಬರಬೇಕಾದದ್ದು, 1,10,000 × 12: 13,20,000
ವೃತ್ತಿ ತೆರಿಗೆ: 2,500
ನೌಕರನ ಭವಿಷ್ಯ ನಿಧಿ ವಂತಿಗೆ, 1,800 × 12: 21,600
ತೆರಿಗೆ ಕಳೆದ ಸಂಬಳ: 13,44,100
12,75,000ಕ್ಕಿಂತ ಹೆಚ್ಚಿನ ಭಾಗ: 69,100
69,100 ÷ 0.844: 81,872
ಒಟ್ಟು ಸಂಬಳ, 13,48,934 + 81,872: 14,30,806
ತಿಂಗಳಿಗೆ: 1,19,234

ಹಿಮ್ಮುಖ ಲೆಕ್ಕ ಮುಗಿದ ಮೇಲೆ ಒಮ್ಮೆ ಮುಮ್ಮುಖವಾಗಿ ತಾಳೆ ನೋಡುವುದನ್ನು ಬಿಡಬಾರದು. 14,30,806ರಲ್ಲಿ 75,000 ಕಳೆದರೆ ಆದಾಯ 13,55,806. ಮೊದಲ 12 ಲಕ್ಷಕ್ಕೆ ತೆರಿಗೆ 60,000. ಉಳಿದ 1,55,806ಕ್ಕೆ ಶೇ. 15ರಂತೆ 23,371. ಎರಡೂ ಸೇರಿ 83,371, ಸೆಸ್ 3,335, ಒಟ್ಟು 86,706 ರೂಪಾಯಿ. ತಿಂಗಳಿಗೆ 7,226ರಂತೆ ಟಿಡಿಎಸ್, 1,800 ಭವಿಷ್ಯ ನಿಧಿ, 200 ವೃತ್ತಿ ತೆರಿಗೆ ಕಳೆದರೆ ಕೈಗೆ 1,10,008 ಉಳಿಯುತ್ತದೆ. ಫೆಬ್ರವರಿಯಲ್ಲಿ ನೂರು ರೂಪಾಯಿ ಕಡಿಮೆಯಾಗಿ, ವರ್ಷದ ಲೆಕ್ಕ ಸರಿಹೋಗುತ್ತದೆ.

ಗುಮಾಸ್ತರು ಬರೆದ 1,15,900ಕ್ಕೂ ಈ 1,19,234ಕ್ಕೂ ಇರುವ ಅಂತರ 3,334 ರೂಪಾಯಿ. ಅವರು 1,10,000ದ ಮೇಲಿನ ತೆರಿಗೆಯನ್ನು ಕೂಡಿಸಿದರು. ಕೂಡಿಸಿದ ಹಣಕ್ಕೂ ತೆರಿಗೆಯಿದೆಯೆಂಬುದು ಬಿಟ್ಟುಹೋಯಿತು. ಅಲ್ಲದೆ 1,10,000ದ ಸಂಬಳ ಅಂಚಿನ ಪರಿಹಾರದ ಪಟ್ಟಿಯೊಳಗೆ ಬರುವುದರಿಂದ ಅಲ್ಲಿ ಕಂಡ 3,900ರ ತೆರಿಗೆ, ಸಂಬಳ ಏರಿಸಿದ ಮೇಲೆ ಉಳಿಯುವಂಥದ್ದಾಗಿರಲಿಲ್ಲ. ತಪ್ಪು ಕಂಡುಬಂದ ಮೇಲೆ ತಿದ್ದುವ ಸುಲಭ ದಾರಿಯೂ ಇದೆ. ಕೈಗೆ ಕಡಿಮೆ ಬಿದ್ದ ಮೊತ್ತವನ್ನು ಹಾಗೆಯೇ ಕೂಡಿಸದೆ 0.844ರಿಂದ ಭಾಗಿಸಿ ಕೂಡಿಸಬೇಕು. ವೃತ್ತಿ ತೆರಿಗೆಯ ಹತ್ತು ಹದಿನೈದು ರೂಪಾಯಿ ವ್ಯತ್ಯಾಸ ಬಿಟ್ಟರೆ ಒಂದೇ ಸಲಕ್ಕೆ ಉತ್ತರ ದೊರೆಯುತ್ತದೆ.

ಭವಿಷ್ಯ ನಿಧಿ: ಒಂದು ಸಾಲಿನ ಬೆಲೆ

ಅಭ್ಯರ್ಥಿಯು ಪುಣೆಯ ಕಂಪನಿಯಲ್ಲಿ ಪೂರ್ತಿ ಮೂಲ ವೇತನದ ಮೇಲೆ ಭವಿಷ್ಯ ನಿಧಿ ಪಡೆಯುತ್ತಿದ್ದು, ಇಲ್ಲಿಯೂ ಹಾಗೆಯೇ ಆಗಬೇಕೆಂದು ಕೇಳಬಹುದು. ಮಿತಿಗಿಂತ ಹೆಚ್ಚಿನ ವೇತನದ ಮೇಲೆ ವಂತಿಗೆ ಕಟ್ಟುವುದು ಉಭಯರ ಒಪ್ಪಿಗೆಯ ವಿಷಯ. ನೇಮಕಾತಿ ಪತ್ರದಲ್ಲಿ ಈ ಒಂದು ಸಾಲು ಎಷ್ಟು ವ್ಯತ್ಯಾಸ ಮಾಡುತ್ತದೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೂಲ ವೇತನ ಒಟ್ಟು ಸಂಬಳದ ಅರ್ಧ ಎಂದು ಭಾವಿಸೋಣ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದ ಭಾಗವೂ ವೇತನವೆಂದೇ ಪರಿಗಣಿತವಾಗುತ್ತದೆ. ಆದ್ದರಿಂದ ಅರ್ಧವೆಂದು ಹಿಡಿಯುವುದೇ ಕ್ಷೇಮ. ಹಾಗಾದಾಗ ನೌಕರನ ವಂತಿಗೆ ಮೂಲ ವೇತನದ ಶೇ. 12, ಅಂದರೆ ಒಟ್ಟು ಸಂಬಳದ ಶೇ. 6. ಇದು ಈಗ ನಿಗದಿತ ಕಡಿತವಲ್ಲ, ಶೇಕಡಾವಾರು ಕಡಿತ. ಹೊಸ ತೆರಿಗೆ ಪದ್ಧತಿಯಲ್ಲಿ ನೌಕರನ ಈ ವಂತಿಗೆಗೆ ತೆರಿಗೆ ವಿನಾಯಿತಿಯೂ ಇಲ್ಲ. ಆದ್ದರಿಂದ ಹೆಚ್ಚುವರಿ ಪ್ರತಿ ರೂಪಾಯಿಯಲ್ಲಿ ತೆರಿಗೆಗೆ 15.6 ಪೈಸೆ, ಭವಿಷ್ಯ ನಿಧಿಗೆ 6 ಪೈಸೆ ಹೋಗಿ ಕೈಗೆ ಉಳಿಯುವುದು 78.4 ಪೈಸೆ.

ಇದೇ ಕ್ರಮದಲ್ಲಿ ಲೆಕ್ಕ ಹಾಕಿದರೆ, ಕೈಗೆ ಅದೇ 1,10,000 ಬರಲು ಒಟ್ಟು ಸಂಬಳ ವರ್ಷಕ್ಕೆ 15,12,755, ತಿಂಗಳಿಗೆ 1,26,063 ರೂಪಾಯಿ ಬೇಕಾಗುತ್ತದೆ. ಮಾಲೀಕರ ಹೊರೆ ಇಷ್ಟಕ್ಕೆ ನಿಲ್ಲುವುದಿಲ್ಲ. ಮಿತಿಯ ಲೆಕ್ಕದಲ್ಲಿ ಅವರ ಪಾಲಿನ ವಂತಿಗೆ, ನೌಕರರ ಠೇವಣಿ ಆಧಾರಿತ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ತಿಂಗಳಿಗೆ 1,950 ಆಗುತ್ತಿತ್ತು; ಪೂರ್ತಿ ಮೂಲ ವೇತನದ ಲೆಕ್ಕದಲ್ಲಿ ಅದು ಸುಮಾರು 7,950 ಆಗುತ್ತದೆ. ಗ್ರಾಚ್ಯುಟಿಗೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಮೂಲ ವೇತನದ ಶೇ. 4.81 ತೆಗೆದಿಟ್ಟರೆ, ಮೊದಲ ಲೆಕ್ಕದಲ್ಲಿ ಸಂಸ್ಥೆಗೆ ತಗಲುವ ವೆಚ್ಚ ತಿಂಗಳಿಗೆ ಸುಮಾರು 1,24,050, ಎರಡನೆಯದರಲ್ಲಿ ಸುಮಾರು 1,37,050 ರೂಪಾಯಿ.

ಕೈಗೆ ಬರುವ ಹಣ ಎರಡರಲ್ಲೂ ಒಂದೇ. ವೆಚ್ಚದ ಅಂತರ ತಿಂಗಳಿಗೆ ಹದಿಮೂರು ಸಾವಿರ. ಈ ಹಣ ವ್ಯರ್ಥವಾಯಿತೆಂದು ಅರ್ಥವಲ್ಲ. ಅದರ ದೊಡ್ಡ ಭಾಗ ನೌಕರರ ನಿಧಿಯಲ್ಲಿ ಅವರ ಹೆಸರಿಗೇ ಬೆಳೆಯುತ್ತದೆ. ಆದರೆ ಕೈಗೆ ಬರುವ ಮೊತ್ತವನ್ನಷ್ಟೇ ಹಿಡಿದು ಮಾತುಕತೆ ನಡೆಸಿದರೆ ಈ ಹಣ ಯಾರ ಲೆಕ್ಕಕ್ಕೂ ಬಾರದೆ ಹೋಗುತ್ತದೆ. ಮಾಲೀಕರು ಕೊಟ್ಟದ್ದು ಅಭ್ಯರ್ಥಿಗೆ ಕಾಣುವುದಿಲ್ಲ. ಅಭ್ಯರ್ಥಿ ಪಡೆದದ್ದು ಮಾಲೀಕರಿಗೆ ಸಲ್ಲುವುದಿಲ್ಲ. ಆದ್ದರಿಂದ ಕೈಗೆ ಬರುವ ಮೊತ್ತ ಮತ್ತು ಭವಿಷ್ಯ ನಿಧಿಯ ಆಧಾರ ಇವೆರಡನ್ನೂ ಒಂದೇ ಬೈಠಕ್ಕಿನಲ್ಲಿ ಮಾತಾಡಬೇಕು.

ಏಳು ಸಾವಿರ ಕೊಟ್ಟರೂ ಎಂಟುನೂರು ತಲುಪದ ಜಾಗ

ಅಂಚಿನ ಪರಿಹಾರದ ಪಟ್ಟಿಯನ್ನು ಈ ಹಿಂದೆ ಹೇಳಲಾಯಿತು. ಸಂಬಳದ ಮಾತುಕತೆಯಲ್ಲಿ ಅದರ ಪರಿಣಾಮ ಎಷ್ಟೆಂಬುದನ್ನು ಇನ್ನೊಂದು ಅಂಕಿಯಿಂದ ನೋಡಬಹುದು. ಭವಿಷ್ಯ ನಿಧಿಯನ್ನು ಮಿತಿಗೆ ನಿಲ್ಲಿಸಿ, ಅದೇ ವ್ಯವಸ್ಥಾಪಕರು ಕೈಗೆ 1,05,000 ಸಾಕೆಂದು ಹೇಳಿದರೆಂದು ಇಟ್ಟುಕೊಳ್ಳೋಣ.

ವಾರ್ಷಿಕ 12,60,000ಕ್ಕೆ ವೃತ್ತಿ ತೆರಿಗೆ ಮತ್ತು ಭವಿಷ್ಯ ನಿಧಿ ಕೂಡಿಸಿದರೆ ತೆರಿಗೆ ಕಳೆದ ಸಂಬಳ 12,84,100. ಇದು 12,75,000ವನ್ನು 9,100 ರೂಪಾಯಿಗಳಷ್ಟು ಮಾತ್ರ ಮೀರಿದೆ. ಆದರೂ ಲೆಕ್ಕ ಆರಂಭವಾಗುವುದು 13,48,934ರಿಂದ. 9,100 ÷ 0.844 = 10,782. ಎರಡೂ ಸೇರಿ ಒಟ್ಟು ಸಂಬಳ 13,59,716. ತಿಂಗಳಿಗೆ 1,13,310 ರೂಪಾಯಿ.

ಹೀಗಲ್ಲದೆ ಒಟ್ಟು ಸಂಬಳವನ್ನು ತೆರಿಗೆಯಿಲ್ಲದ ಗೆರೆಯಲ್ಲಿಯೇ, ಅಂದರೆ ತಿಂಗಳಿಗೆ 1,06,250ಕ್ಕೆ ನಿಲ್ಲಿಸಿದ್ದರೆ ಕೈಗೆ ಸರಾಸರಿ 1,04,242 ಬರುತ್ತಿತ್ತು. ಅಂದರೆ ಅಭ್ಯರ್ಥಿಯ ಕೈಗೆ ಇನ್ನೂ 758 ರೂಪಾಯಿ ತಲುಪಿಸಲು ಮಾಲೀಕರು ತಿಂಗಳಿಗೆ 7,060 ರೂಪಾಯಿ ಹೆಚ್ಚು ಕೊಡಬೇಕು. ನಡುವಿನ ಹಣವೆಲ್ಲ ತೆರಿಗೆಗೆ. ಈ ಸ್ಥಿತಿಯನ್ನು ಗುರುತಿಸುವುದು ಕಷ್ಟವಲ್ಲ. ಒಟ್ಟು ಸಂಬಳ ಏರಿಸಿ ಮತ್ತೆ ಲೆಕ್ಕ ಹಾಕಿದಾಗ ಕೈಗೆ ಬರುವುದು ಏರದೆ ನಿಂತರೆ ಅಥವಾ ಇಳಿದರೆ, ಸಂಬಳ ಈ ಪಟ್ಟಿಯೊಳಗೆ ಸಿಕ್ಕಿದೆಯೆಂದು ತಿಳಿಯಬೇಕು. ತಿಂಗಳ ಲೆಕ್ಕದಲ್ಲಿ ಅದು 1,06,250ರಿಂದ ಸುಮಾರು 1,12,400ರ ವರೆಗೆ.

ಇಂಥಲ್ಲಿ ಲೆಕ್ಕವನ್ನು ಅಭ್ಯರ್ಥಿಯ ಮುಂದಿಟ್ಟು ಮಾತಾಡುವುದೇ ಉತ್ತಮ. 758 ರೂಪಾಯಿಯನ್ನು ಬಿಟ್ಟುಕೊಟ್ಟರೆ, ಅದಕ್ಕೆ ಬದಲಾಗಿ ಮಾಲೀಕರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ತಮ್ಮ ಕಡೆಯಿಂದ ವಂತಿಗೆ ಕಟ್ಟಬಹುದು. ಮೂಲ ವೇತನ ಹಾಗೂ ತುಟ್ಟಿಭತ್ಯೆಯ ಶೇ. 14ರ ವರೆಗೆ ಮಾಲೀಕರು ಕಟ್ಟುವ ಇಂಥ ವಂತಿಗೆಗೆ ಹೊಸ ಪದ್ಧತಿಯಲ್ಲಿಯೂ ನೌಕರರಿಗೆ ಆದಾಯದಿಂದ ಕಡಿತ ಸಿಗುತ್ತದೆ. ತಿಂಗಳಿಗೆ 3,500 ರೂಪಾಯಿ ಹೀಗೆ ಕಟ್ಟಿದರೂ, 7,060ರ ಅರ್ಧ ಮಾಲೀಕರಿಗೆ ಉಳಿಯುತ್ತದೆ, ಅಭ್ಯರ್ಥಿಗೆ ಬಿಟ್ಟದ್ದರ ನಾಲ್ಕು ಪಟ್ಟಿಗೂ ಹೆಚ್ಚು ಪಿಂಚಣಿ ಖಾತೆಗೆ ಸೇರುತ್ತದೆ. ಇದು ಇಂದು ಕೈಗೆ ಬರುವ ಹಣವಲ್ಲವೆಂಬುದನ್ನು ಮಾತ್ರ ಮುಚ್ಚಿಡಬಾರದು.

ಲೆಕ್ಕ ಸರಿಯಿದ್ದೂ ತಕರಾರು ಬರುವ ಸಂದರ್ಭ

ಮೇಲಿನ ಲೆಕ್ಕವೆಲ್ಲ ವರ್ಷಪೂರ್ತಿ ಒಂದೇ ಕಡೆ ಕೆಲಸ ಮಾಡುವವರಿಗೆ, ಬೇರೆ ಆದಾಯವಿಲ್ಲದವರಿಗೆ ಸಂಬಂಧಿಸಿದ್ದು. ವಾಸ್ತವದಲ್ಲಿ ನೇಮಕಾತಿಗಳು ವರ್ಷದ ನಡುವೆ ನಡೆಯುತ್ತವೆ.

ವ್ಯವಸ್ಥಾಪಕರು ಅಕ್ಟೋಬರ್ ಒಂದರಂದು 1,19,234ರ ಸಂಬಳಕ್ಕೆ ಸೇರಿದರೆನ್ನೋಣ. ಹಿಂದಿನ ಆರು ತಿಂಗಳು ಪುಣೆಯಲ್ಲಿ ಅವರ ಒಟ್ಟು ಸಂಬಳ ತಿಂಗಳಿಗೆ 80,000 ಇತ್ತು. ಆಗ ವರ್ಷದ ಒಟ್ಟು ಸಂಬಳ 4,80,000 ಮತ್ತು 7,15,404 ಸೇರಿ 11,95,404 ರೂಪಾಯಿ. ಇದು 12,75,000ದ ಒಳಗಿರುವುದರಿಂದ ಆ ವರ್ಷ ತೆರಿಗೆಯೇ ಇಲ್ಲ. ಕೈಗೆ ತಿಂಗಳಿಗೆ 1,10,000 ಅಲ್ಲ, 1,17,234 ಬರುತ್ತದೆ. ಆರು ತಿಂಗಳು ಈ ಮೊತ್ತಕ್ಕೆ ಮನೆಯ ಖರ್ಚು ಹೊಂದಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಪೂರ್ತಿ ವರ್ಷದ ಲೆಕ್ಕ ಆರಂಭವಾಗಿ ಟಿಡಿಎಸ್ ಕಡಿತ ಶುರುವಾದಾಗ, ಒಪ್ಪಿದ ಮೊತ್ತವೇ ಬಂದರೂ ಸಂಬಳ ಏಳು ಸಾವಿರ ಇಳಿಯಿತೆಂಬ ಅಸಮಾಧಾನ ಹುಟ್ಟುತ್ತದೆ. ಸೇರುವ ದಿನವೇ ಇದನ್ನು ಬರೆದು ತೋರಿಸಿದ್ದರೆ ಏಪ್ರಿಲ್‌ನ ಮಾತು ಉಳಿಯುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಹಿಂದಿನ ಸಂಬಳ ತಿಂಗಳಿಗೆ 1,00,000 ಇದ್ದು, ಅದರ ವಿವರವನ್ನು ಹೊಸ ಸಂಸ್ಥೆಗೆ ಕೊಡಲಿಲ್ಲವೆನ್ನೋಣ. ಹೊಸ ಸಂಸ್ಥೆ 7,15,404 ಮಾತ್ರ ನೋಡಿ ತೆರಿಗೆ ಕಡಿಯುವುದಿಲ್ಲ. ಹಿಂದಿನ ಸಂಸ್ಥೆಯೂ ವರ್ಷಕ್ಕೆ 12 ಲಕ್ಷವೆಂದು ಭಾವಿಸಿ ಕಡಿದಿರುವುದಿಲ್ಲ. ಎರಡೂ ಸೇರಿ 13,15,404 ಆಗಿ, ರಿಟರ್ನ್ ಸಲ್ಲಿಸುವಾಗ ಸುಮಾರು 42,000 ರೂಪಾಯಿ ತೆರಿಗೆ, ಅದರ ಮೇಲೆ ಬಡ್ಡಿ ಸಹಿತ, ನೌಕರರ ಮೇಲೆ ಬೀಳುತ್ತದೆ. "ಎಲ್ಲಾ ಕಡಿತ ಹೋಗಿ ಇಷ್ಟು" ಎಂದು ಮಾತು ಕೊಟ್ಟಿದ್ದ ಮಾಲೀಕರ ಬಳಿಗೆ ಅವರು ಬರುವುದು ಸಹಜ. ಮಾಲೀಕರು ಆ ತೆರಿಗೆಯನ್ನು ತಾವೇ ಕಟ್ಟಿಕೊಟ್ಟರೆ ಅದೂ ಸಂಬಳದ ಭಾಗವೇ ಆಗಿ, ಅದಕ್ಕೂ ತೆರಿಗೆ ಹತ್ತುತ್ತದೆ.

ಆದ್ದರಿಂದ ಕೈಗೆ ಬರುವ ಮೊತ್ತವನ್ನು ಮಾತುಕತೆಯ ಆರಂಭಕ್ಕೆ ಬಳಸಬೇಕೇ ಹೊರತು ಕರಾರಿಗೆ ಬಳಸಬಾರದು. ನೇಮಕಾತಿ ಪತ್ರದಲ್ಲಿ ಬದ್ಧತೆ ಇರಬೇಕಾದದ್ದು ಒಟ್ಟು ಸಂಬಳಕ್ಕೆ. ಅದರ ಕೆಳಗೆ ಬೇರೆ ಸಾಲಿನಲ್ಲಿ ಹೀಗೆ ಬರೆಯಬಹುದು: "ಹೊಸ ತೆರಿಗೆ ಪದ್ಧತಿ, ವರ್ಷಪೂರ್ತಿ ಸೇವೆ, ಬೇರೆ ಆದಾಯವಿಲ್ಲದಿರುವುದು ಹಾಗೂ ಭವಿಷ್ಯ ನಿಧಿ ತಿಂಗಳಿಗೆ 1,800 ರೂಪಾಯಿ ಎಂಬ ಆಧಾರದ ಮೇಲೆ, 2025-26ರ ದರಗಳಂತೆ ಕೈಗೆ ಬರುವ ಅಂದಾಜು ಮೊತ್ತ 1,10,000 ರೂಪಾಯಿ. ತೆರಿಗೆ ದರ ಅಥವಾ ನೌಕರರ ಆಯ್ಕೆ ಬದಲಾದರೆ ಈ ಮೊತ್ತ ಬದಲಾಗುತ್ತದೆ. ಒಟ್ಟು ಸಂಬಳ ಬದಲಾಗುವುದಿಲ್ಲ." ಬೋನಸ್ ಅಥವಾ ಪ್ರೋತ್ಸಾಹಧನ ಕೊಡುವುದಿದ್ದರೆ ಅದನ್ನೂ ವರ್ಷದ ಆದಾಯಕ್ಕೆ ಸೇರಿಸಿಯೇ ಅಂದಾಜು ಮಾಡಬೇಕು. ಇಲ್ಲವಾದರೆ ದೀಪಾವಳಿಯಲ್ಲಿ ಬೋನಸ್ ಕೊಟ್ಟ ಮೇಲೆ, ಉಳಿದ ತಿಂಗಳುಗಳ ಟಿಡಿಎಸ್ ಏರಿ ತಿಂಗಳ ಸಂಬಳ ಕಡಿಮೆಯಾದಂತೆ ಕಾಣುತ್ತದೆ.

ಹುಬ್ಬಳ್ಳಿಯ ಮಾಲೀಕರು ಪತ್ರವನ್ನು 1,19,234ಕ್ಕೆ ತಿದ್ದಿ ಕೊಡಬಹುದು. ಅಥವಾ ಲೆಕ್ಕವನ್ನು ತೋರಿಸಿ 1,15,900ಕ್ಕೇ ಒಪ್ಪಿಸಲು ಪ್ರಯತ್ನಿಸಬಹುದು. ಅದು ಅವರ ವ್ಯಾಪಾರದ ನಿರ್ಧಾರ. ಆದರೆ ಆ ನಿರ್ಧಾರವನ್ನು ಸಂದರ್ಶನದ ಮೇಜಿನ ಮುಂದೆ ಕೈಗೊಳ್ಳಬೇಕು, ಮೊದಲ ಸಂಬಳ ಚೀಟಿ ಕೊಟ್ಟ ಮೇಲೆ ಅಲ್ಲ.